ಆ ಇಗುವಾನಾ ಓಟ ಸುಳ್ಳಾ? ನಮ್ಮ ಮಂಗಟ್ಟೆ ಗೂಡಿಗೆ ಎಂಥ ಮಾತು ಬರೀಬೇಕು?

"ಸರ್, ನಾವು ಶಿರಸಿ ಹತ್ರದವರು. ಇಗುವಾನಾ ಅನ್ನೋ ಉಡದಂಥ ಪ್ರಾಣಿಯ ಮರಿನ ಹಾವುಗಳು ಅಟ್ಟಿಸ್ಕೊಂಡು ಹೋಗೋ ಆ ಫೇಮಸ್ ಸೀನ್ ನನ್ನ ಮಗಳಿಗೆ ಪ್ರಾಣ. ಮೊನ್ನೆ ಭಾವ ಬಂದವ್ರು 'ಅದೆಲ್ಲಾ ಜೋಡಿಸಿದ್ದು, ಸೌಂಡೂ ಸ್ಟುಡಿಯೋದಲ್ಲಿ ಮಾಡಿದ್ದು, ಬರೀ ಸುಳ್ಳು' ಅಂದ್ಬಿಟ್ರು, ಮಗಳು ಸಪ್ಪಗಾದ್ಲು. ನಮ್ಮ ತೋಟದಂಚಿನ ಮರದಲ್ಲಿ ಬೂದು ಮಂಗಟ್ಟೆ ಹಕ್ಕಿ ಗೂಡಿದೆ. ಮೂರು ವಾರದಿಂದ ಅವ್ಳೂ ನಾನೂ ವೀಡಿಯೋ ಮಾಡ್ತಿದೀವಿ, ಹತ್ತು ನಿಮಿಷದ್ದೊಂದು ಫಿಲ್ಮ್ ಮಾಡೋ ಆಸೆ. ಗಂಡು ಬರೋ ಶಾಟ್ ಒಂದು ದಿನದ್ದು, ಹೆಣ್ಣಿನ ಕೊಕ್ಕು ಹೊರಗೆ ಬರೋ ಶಾಟ್ ಇನ್ನೊಂದು ದಿನದ್ದು. ಜೋಡಿಸಿದ್ರೆ ನಾವೂ ಸುಳ್ಳು ಹೇಳ್ದಂಗಾ? ಹಿಂದೆ ಮಾತು ಬೇಕೇ ಬೇಕಾ?"

ಹೆಗಡೆಯವ್ರೇ, ನಿಮ್ಮ ಭಾವ ಹೇಳಿದ್ರಲ್ಲಿ ಎರಡು ನಿಜ, ಮೂರನೇದು ತಪ್ಪು. ಜೋಡಿಸಿದ್ದು ಹೌದು. ಸೌಂಡ್ ಬಹಳಷ್ಟು ಸ್ಟುಡಿಯೋದಲ್ಲಿ ಮಾಡಿದ್ದೂ ಹೌದು. ಅದಕ್ಕೇ ಬರೀ ಸುಳ್ಳು ಅನ್ನೋದು ಮಾತ್ರ ಸರಿಯಲ್ಲ. ನಾನು ಕಾಡಿನ ಫಿಲ್ಮ್‌ಗಳ ಎಡಿಟಿಂಗ್ ಮಾಡ್ಕೊಂಡು, ಕನ್ನಡಕ್ಕೆ ನಿರೂಪಣೆ ಬರ್ಕೊಂಡು ಬಂದೋನು, ಹಾಗಾಗಿ ಈ ಅಡುಗೆಮನೆ ಒಳಗೆ ಏನೇನು ನಡಿಯುತ್ತೆ ಅಂತ ಗೊತ್ತು.

ಮೊದಲು ಆ ಸೀನ್‌ದೇ ತಗೊಳ್ಳೋಣ. ಅದು 2016ರ ಬಿಬಿಸಿಯ 'ಪ್ಲಾನೆಟ್ ಅರ್ಥ್ 2' ಸರಣಿಯ ಮೊದಲ ಕಂತಿನದ್ದು, ಜಾಗ ಗಲಾಪಗೋಸ್ ದ್ವೀಪಗಳಲ್ಲಿ ಫರ್ನಾಂಡಿನಾ ಅನ್ನೋ ದ್ವೀಪ. ಸಮುದ್ರದ ಇಗುವಾನಾಗಳು ಮರಳಲ್ಲಿ ಮೊಟ್ಟೆ ಹೂತಿಡ್ತವೆ, ವರ್ಷದಲ್ಲಿ ಕೆಲವೇ ವಾರ ಮರಿಗಳು ಹೊರಗೆ ಬರೋ ಕಾಲ, ಆ ಕಾಲಕ್ಕೆ ಸರಿಯಾಗಿ ರೇಸರ್ ಅನ್ನೋ ಜಾತಿ ಹಾವುಗಳು ಬಂಡೆ ಸಂದಿಗಳಲ್ಲಿ ಕಾಯ್ತಾ ಕೂತಿರ್ತವೆ. ಮರಿ ತಲೆ ಎತ್ತಿದ ಜಾಗದಿಂದ ದೊಡ್ಡ ಇಗುವಾನಾಗಳಿರೋ ನೀರಿನಂಚಿನ ಬಂಡೆ ತಂಕ ಓಡಬೇಕು, ಅಷ್ಟೇ ಕಥೆ. ಈಗ ಕಷ್ಟ ಎಲ್ಲಿದೆ ಅಂದ್ರೆ ಮರಿಗಳೇನು ಸಾಲಾಗಿ ನಮ್ಮ ಟೈಮಿಗೆ ಬರಲ್ಲ, ಒಂದು ಈಗ, ಇನ್ನೊಂದು ಯಾವಾಗ್ಲೋ. ಓಟ ಶುರುವಾದ್ರೆ ಕ್ಷಣದಲ್ಲಿ ಮುಗೀತು. ಒಂದು ಕ್ಯಾಮೆರಾ ಮರಿ ಮುಖದ ಹತ್ರದ ಶಾಟಿಗೆ ಲೆನ್ಸ್ ಇಟ್ಕೊಂಡಿದ್ರೆ ಅದೇ ಹೊತ್ತಿಗೆ ದೂರದಿಂದ ಇಡೀ ಬಯಲನ್ನ ತೋರ್ಸೋಕೆ ಆಗಲ್ಲ. ಅದರ ನಿರ್ಮಾಪಕಿ ಎಲಿಜಬೆತ್ ವೈಟ್ ಅವರೇ 2017ರಲ್ಲಿ ಬಹಿರಂಗವಾಗಿ ಒಪ್ಕೊಂಡ್ರು, ಎರಡು ಕ್ಯಾಮೆರಾದಲ್ಲಿ ತೆಗೆದಿದ್ದು, ಬೇರೆ ಬೇರೆ ಸಲ ತೆಗೆದ ಶಾಟ್‌ಗಳನ್ನ ಹೊಲ್ದು ಒಂದು ಕಥೆ ಮಾಡಿದ್ದು ಅಂತ. ಅಂದ್ರೆ ನಿಮ್ಮ ಮಗಳು ನೋಡಿದ ಆ ಒಂದು ಮರಿ, ಲೆಕ್ಕಕ್ಕೆ ತಗೊಂಡ್ರೆ, ಒಂದೇ ಮರಿಯಲ್ಲ.

ಇದನ್ನ ಕಣ್ಣಾರೆ ಗುರುತು ಹಿಡೀಬೋದು, ಮಗಳನ್ನ ಕೂರಿಸ್ಕೊಂಡು ಇನ್ನೊಂದ್ಸಲ ನೋಡಿ, ಸಪ್ಪಗಾಗಿರೋ ಹುಡುಗಿಗೆ ಅದೇ ಒಂದು ಆಟ ಆಗುತ್ತೆ. ಮರಿ ಕಣ್ಣು ತುಂಬಾ ಹತ್ರದಿಂದ ಕಾಣ್ತಿದ್ದು ಮರುಕ್ಷಣ ಬಲು ದೂರದಿಂದ ಕಂಡ್ರೆ ಮಧ್ಯ ಒಂದು ಕಟ್ ಇದೆ, ಆ ಕಟ್‌ನಲ್ಲಿ ಒಂದು ಸೆಕೆಂಡೂ ಇರಬೋದು, ಒಂದು ವಾರವೂ ಇರಬೋದು. ನೆರಳು ಯಾವ ಕಡೆ ಬಿದ್ದಿದೆ, ಎಷ್ಟುದ್ದ ಇದೆ ನೋಡಿ. ಹಾವಿನ ಮುಖ, ಮರಿ ಮುಖ, ಮತ್ತೆ ಹಾವಿನ ಮುಖ ಅಂತ ಒಂದೊಂದೇ ಬರ್ತಿದ್ರೆ, ಇಬ್ರೂ ಒಂದೇ ಶಾಟಲ್ಲಿ ಇಲ್ದೇ ಇದ್ರೆ, ಅಲ್ಲಿ ಎಡಿಟರ್ ಕೈ ಕೆಲಸ ಮಾಡಿದೆ ಅಂತ ಅರ್ಥ.

ಹಾಗಾದ್ರೆ ಸುಳ್ಳಲ್ವಾ ಅಂದ್ರೆ, ನಾನು ಒಂದೇ ಒಂದು ಪ್ರಶ್ನೆ ಕೇಳ್ಕೋತೀನಿ. ತೋರಿಸ್ತಿರೋದು ಆ ಜಾಗದಲ್ಲಿ, ಆ ಜೀವಕ್ಕೆ ನಿಜವಾಗ್ಲೂ ನಡಿಯೋದಾ? ಫರ್ನಾಂಡಿನಾದಲ್ಲಿ ಹಾವು ಮರಿನ ಅಟ್ಟಿಸ್ಕೊಂಡು ಹೋಗುತ್ತೆ, ಹಿಡಿಯುತ್ತೆ, ಕೆಲವು ತಪ್ಪಿಸ್ಕೋತವೆ. ಹೌದು, ನಡಿಯುತ್ತೆ. ಇದರ ಎದುರಿಗೆ 1958ರ ಡಿಸ್ನಿ ಚಿತ್ರ 'ವೈಟ್ ವೈಲ್ಡರ್‌ನೆಸ್' ಇಟ್ಟು ನೋಡಿ. ಲೆಮ್ಮಿಂಗ್ ಅನ್ನೋ ಇಲಿಯಂಥ ಪ್ರಾಣಿಗಳು ಗುಂಪು ಗುಂಪಾಗಿ ಬಂಡೆಯಿಂದ ಸಮುದ್ರಕ್ಕೆ ಹಾರಿ ಸಾಯ್ತವೆ ಅಂತ ಅದರಲ್ಲಿ ತೋರ್ಸಿದ್ರು. ಶೂಟಿಂಗ್ ಆಗಿದ್ದು ಕೆನಡಾದ ಆಲ್ಬರ್ಟಾದಲ್ಲಿ, ಅಲ್ಲಿ ಸಮುದ್ರವೇ ಇಲ್ಲ. ಪ್ರಾಣಿಗಳನ್ನ ಬೇರೆ ಕಡೆಯಿಂದ ತಂದು, ನೀರಿಗೆ ದಬ್ಬಿ ತೆಗೆದಿದ್ದು ಅಂತ 1982ರಲ್ಲಿ ಕೆನಡಾದ ಟಿವಿ ಕಾರ್ಯಕ್ರಮವೊಂದು ಬಯಲು ಮಾಡ್ತು. ಆ ಫಿಲ್ಮಿಗೆ ಆಸ್ಕರ್ ಬೇರೆ ಬಂದಿತ್ತು. ಲೆಮ್ಮಿಂಗ್‌ಗಳು ಆತ್ಮಹತ್ಯೆ ಮಾಡ್ಕೊಳ್ಳಲ್ಲ, ಸಂಖ್ಯೆ ವಿಪರೀತ ಜಾಸ್ತಿಯಾದಾಗ ಗುಳೆ ಹೊರಡ್ತವೆ, ದಾರೀಲಿ ಕೆಲವು ಮುಳುಗ್ತವೆ, ಅಷ್ಟೇ. ಆದ್ರೆ ಆ ಫಿಲ್ಮ್ ನೋಡಿದ ತಲೆಮಾರೇ ಅದನ್ನ ನಂಬ್ಕೊಂಡು ಬಂತು. ಇಗುವಾನಾದಲ್ಲಿ ಹೊಲಿಗೆ ಇದೆ, ಬಟ್ಟೆ ಅದೇ. ಲೆಮ್ಮಿಂಗ್‌ನಲ್ಲಿ ಬಟ್ಟೆಯೇ ಬೇರೆ.

ಸೌಂಡಿನ ವಿಷಯ ಬೇಗ ಮುಗಿಸ್ತೀನಿ. ಐವತ್ತು ಮೀಟರ್ ದೂರದಿಂದ ದೊಡ್ಡ ಲೆನ್ಸಲ್ಲಿ ಕಾಲಿನ ಉಗುರು ಕಾಣುತ್ತೆ, ಆದ್ರೆ ಮೈಕಿಗೆ ಲೆನ್ಸ್ ಥರದ ಜೂಮ್ ಇಲ್ಲ, ಅದಕ್ಕೆ ಕೇಳೋದು ಗಾಳಿ, ಅಲೆ ಮತ್ತೆ ಪಕ್ಕದಲ್ಲಿ ಕೂತೋನು ಮೂಗು ಸೀನಿದ್ದು. ಸ್ಲೋ ಮೋಷನ್ ಆದ್ರಂತೂ ಸೌಂಡೇ ಕೆಲಸಕ್ಕೆ ಬರಲ್ಲ. ಹಾಗಾಗಿ ಹೆಜ್ಜೆ ಸದ್ದು, ರೆಕ್ಕೆ ಸದ್ದು ಎಲ್ಲ ಸ್ಟುಡಿಯೋದಲ್ಲಿ ಕೈಯಲ್ಲಿ ಮಾಡ್ತಾರೆ. ಹಿಮಕರಡಿ ಹಿಮದ ಮೇಲೆ ನಡೆಯೋ ಸದ್ದು ನೀವು ಕೇಳಿದೀರಲ್ಲ, ಅದು ಹೆಚ್ಚಾಗಿ ಕಾಲುಚೀಲದೊಳಗೆ ಕಸ್ಟರ್ಡ್ ಪೌಡರ್ ತುಂಬಿ ಹಿಚುಕಿದ್ದು! ಹಕ್ಕಿ ಕೂಗು ಮಾತ್ರ ಹಾಗೆ ಮಾಡೋ ಹಾಗಿಲ್ಲ, ಅದು ಆ ಜಾತಿಯದ್ದೇ ಇರಬೇಕು, ಇಲ್ಲಾಂದ್ರೆ ಗೊತ್ತಿರೋರು ಎರಡೇ ನಿಮಿಷಕ್ಕೆ ಹಿಡೀತಾರೆ.

ಈಗ ಯಾಕೆ ಅಷ್ಟೊಂದು ದಿನ ಬೇಕು ಅನ್ನೋದು. 'ಪ್ಲಾನೆಟ್ ಅರ್ಥ್ 2' ಸರಣಿಗೆ 117 ಸಲ ಶೂಟಿಂಗಿಗೆ ಹೋಗಿದ್ರು, 40 ದೇಶ, ಒಟ್ಟು 2,089 ಶೂಟಿಂಗ್ ದಿನ, ಕೊನೆಗೆ ಬಂದಿದ್ದು ಆರು ಕಂತು. ದುಡ್ಡು ಜಾಸ್ತಿಯಾಗಿ ಅಲ್ಲ. ಪ್ರಾಣಿ ಏನೂ ಮಾಡದೇ ಇರೋ ಹೊತ್ತೇ ಜಾಸ್ತಿ, ಅದಕ್ಕೆ. ಜೊತೆಗೆ ಮೊದಲ ದಿನಗಳಲ್ಲಿ ನಮಗೆ ಅದರ ದಿನಚರಿ ಗೊತ್ತಿರಲ್ಲ. ನಾನೊಂದ್ಸಲ ಕ್ಯಾಮೆರಾದವರ ಜೊತೆ ಒಂದು ಕೆರೆ ದಂಡೇಲಿ ಹನ್ನೊಂದು ದಿನ ಕೂತಿದ್ದೆ ನೀರುನಾಯಿಗೆ ಅಂತ, ಎಂಟು ದಿನ ಹೋಗಿದ್ದು ಅವು ಯಾವ ಬಂಡೆ ಮೇಲೆ ಮೈ ಒಣಗಿಸ್ಕೋತವೆ, ಎಷ್ಟೊತ್ತಿಗೆ ಅಂತ ತಿಳ್ಕೊಳ್ಳೋಕೆ, ಕೆಲಸಕ್ಕೆ ಬಂದ ಶಾಟೆಲ್ಲ ಸಿಕ್ಕಿದ್ದು ಕೊನೆ ಮೂರು ದಿನದಲ್ಲಿ. ಹೊರಗಿನವರಿಗೆ ಅದು ಅದೃಷ್ಟ ಅನ್ಸುತ್ತೆ. ಇನ್ನೊಂದು, ದೊಡ್ಡ ಕ್ಯಾಮೆರಾಗಳಲ್ಲಿ ಪ್ರೀ-ರೆಕಾರ್ಡ್ ಅಂತ ಇರುತ್ತೆ, ಅದು ಹಿಂದಿನ ಕೆಲವು ಸೆಕೆಂಡನ್ನ ಸದಾ ನೆನಪಲ್ಲಿ ಇಟ್ಕೊಂಡಿರುತ್ತೆ, ಹಕ್ಕಿ ಹಾರಿದ ಮೇಲೆ ಬಟನ್ ಒತ್ತಿದ್ರೂ ಹಾರಿದ್ದು ಸಿಗುತ್ತೆ. ನಿಮ್ಮ ಕ್ಯಾಮೆರಾದ ಮೆನುವಲ್ಲಿ ಹುಡುಕಿ ನೋಡಿ, ಕೆಲವು ಸಣ್ಣ ಕ್ಯಾಮೆರಾಗಳಲ್ಲೂ ಇದೆ.

ಇನ್ನು ಮಾತು. ಚಿತ್ರ ಜೋಡಿಸೋದ್ರಲ್ಲಿ ಸುಳ್ಳಾಗೋದು ಕಮ್ಮಿ, ಮಾತಲ್ಲೇ ಸುಳ್ಳಾಗೋದು ಜಾಸ್ತಿ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರೋದೂ ಇಲ್ಲೇ, ಯಾಕಂದ್ರೆ ಎರಡು ದಿನದ ಶಾಟ್ ಪಕ್ಕ ಪಕ್ಕ ಇಟ್ರೆ ತಪ್ಪಲ್ಲ, ಅದರ ಮೇಲೆ "ಅಷ್ಟರಲ್ಲಿ" ಅಂತ ಒಂದು ಪದ ಹೇಳಿದ್ರೆ ತಪ್ಪಾಗ್ಬೋದು. ಅದೇ, ಇದೇ, ಆಗಲೇ, ಅಷ್ಟರಲ್ಲಿ, ಮೊದಲ ಸಲ, ಬೆಳಿಗ್ಗೆಯಿಂದ, ಈ ಪದಗಳನ್ನ ಬರೆದಾಗೆಲ್ಲ ನಾನು ಶೂಟಿಂಗ್ ಲಾಗ್ ತೆಗೆದು ದಿನಾಂಕ ನೋಡ್ತೀನಿ. ಇದನ್ನ ಕಲಿತಿದ್ದು ಮರ್ಯಾದೆ ಕಳ್ಕೊಂಡು. ಒಂದು ಫಿಲ್ಮಲ್ಲಿ ಆನೆ ಹಿಂಡು ನದಿ ದಾಟೋದು ಇತ್ತು, ಆಮೇಲೆ ಹೆಣ್ಣಾನೆ ಒಂದು ದಂಡೆ ಮೇಲೆ ಮಣ್ಣು ಎರಚ್ಕೊಳ್ಳೋ ಶಾಟು, ನಾನು "ಅದೇ ಹೆಣ್ಣಾನೆ ಈಗ ದಣಿವಾರಿಸ್ಕೊಳ್ಳುತ್ತಿದೆ" ಅಂತ ಬರೆದ್ಬಿಟ್ಟೆ. ಅರಣ್ಯ ಸಿಬ್ಬಂದಿಗೆ ತೋರ್ಸಿದಾಗ ಹಿಂದಿನ ಸಾಲಲ್ಲಿ ಕೂತಿದ್ದ ವಾಚರ್ ಒಬ್ರು ಮೆಲ್ಲಗೆ, "ಸಾ, ಕಿವಿ ನೋಡಿ, ನದೀಲಿದ್ದಿದ್ದು ಬಲಗಿವಿ ಹರಿದಿರೋದು, ಇದು ಅದಲ್ಲ" ಅಂದ್ರು. "ಅದೇ" ಅನ್ನೋ ಎರಡಕ್ಷರ ಕಿತ್ತಾಕಿದ್ರೆ ಏನೂ ತಪ್ಪಿರ್ಲಿಲ್ಲ.

ಆದ್ರೆ ಪದ ಸರಿಯಿದ್ರೂ ನೋಡೋರಿಗೆ ಬೇರೆ ಅರ್ಥ ಆಗೋದೂ ಉಂಟು. 2011ರ ಬಿಬಿಸಿ ಸರಣಿ 'ಫ್ರೋಜನ್ ಪ್ಲಾನೆಟ್'ನಲ್ಲಿ ಹಿಮಕರಡಿ ಮರಿಗಳು ಹುಟ್ಟೋ ದೃಶ್ಯ ಬಂತು, ಅದನ್ನ ತೆಗೆದಿದ್ದು ನೆದರ್‌ಲ್ಯಾಂಡ್ಸ್‌ನ ಒಂದು ಪ್ರಾಣಿ ಉದ್ಯಾನದಲ್ಲಿ. ಕಾಡಿನ ಗವಿಯಲ್ಲಿ ಕ್ಯಾಮೆರಾ ಇಡೋಕೆ ಹೋದ್ರೆ ತಾಯಿ ಗಾಬರಿಯಾಗಿ ಮರಿಗಳಿಗೇ ಕುತ್ತು ಬರ್ಬೋದು, ಹಾಗಾಗಿ ತೆಗೆದ ರೀತಿ ಸರಿ. ಬಿಬಿಸಿ ತನ್ನ ವೆಬ್‌ಸೈಟಲ್ಲಿ ಹೇಳಿಯೂ ಇತ್ತು. ಆದ್ರೆ ಟಿವಿಯಲ್ಲಿ ಹಿಮದ ಬಯಲಿನ ಶಾಟ್ ಬಂದು, ಹಿಂದೆನೇ ಗವಿ ಒಳಗಿನದು ಬಂದಾಗ ಜನ ಅದೇ ಹಿಮದೊಳಗಿನ ಗವಿ ಅಂತ ತಿಳ್ಕೊಂಡ್ರು, ಆಮೇಲೆ ಗೊತ್ತಾಗಿ ಪತ್ರಿಕೆಗಳಲ್ಲಿ ರಂಪ ಆಯ್ತು. ನಡುವೆ ಹೇಳಿದ್ರೆ ಆ ಕ್ಷಣದ ಗುಂಗು ಹೋಗುತ್ತೆ ಅನ್ನೋದು ಅದರ ನಿರೂಪಕ ಡೇವಿಡ್ ಅಟೆನ್‌ಬರೋ ಅವರ ವಾದವಾಗಿತ್ತು. ನನಗೆ ಅವರ ಮೇಲೆ ಗೌರವ ಬೇಕಾದಷ್ಟಿದೆ, ಆದ್ರೂ ಇದೊಂದನ್ನ ನಾನು ಒಪ್ಪಲ್ಲ. ಒಂದು ಸಾಲು ಕೊನೇಲಾದ್ರೂ ತೆರೆ ಮೇಲೆ ಹಾಕ್ಬೋದಿತ್ತು.

ಮಾತು ಬೇಕೇ ಬೇಕಾ ಅಂದ್ರಿ. ಅದಕ್ಕೆ ಒಂದು ಒಳ್ಳೇ ಉದಾಹರಣೆ ಇದೆ. 2005ರಲ್ಲಿ ಫ್ರೆಂಚ್ ನಿರ್ದೇಶಕ ಲುಕ್ ಜಾಕೆ ಅಂಟಾರ್ಕ್ಟಿಕಾದ ಎಂಪರರ್ ಪೆಂಗ್ವಿನ್‌ಗಳ ಮೇಲೆ ಫಿಲ್ಮ್ ಮಾಡಿದ್ರು. ಫ್ರೆಂಚ್‌ನಲ್ಲಿ ಗಂಡು, ಹೆಣ್ಣು, ಮರಿ ಮೂವರಿಗೂ ನಟರು ದನಿ ಕೊಟ್ಟು ಪೆಂಗ್ವಿನ್‌ಗಳೇ "ನಾನು, ನಾವು" ಅಂತ ಮಾತಾಡೋ ಹಾಗಿತ್ತು. ಅಮೆರಿಕಾಕ್ಕೆ ಹೋದಾಗ ಅದನ್ನ ಕಿತ್ತಾಕಿ, ಸಂಗೀತವನ್ನೂ ಬದಲಾಯಿಸಿ, ಮಾರ್ಗನ್ ಫ್ರೀಮನ್ ದನಿಯಲ್ಲಿ ಹೊರಗಿಂದ ನಿಂತು ಹೇಳೋ ನಿರೂಪಣೆ ಹಾಕಿದ್ರು. ಅದೇ ಹಿಮ, ಅದೇ ಹಕ್ಕಿ. ಒಂದು ಪ್ರೇಮಕಥೆ ಥರ, ಇನ್ನೊಂದು ಸಾಕ್ಷ್ಯಚಿತ್ರದ ಥರ. ನಮ್ಮಲ್ಲೂ 'ವೈಲ್ಡ್ ಕರ್ನಾಟಕ'ಕ್ಕೆ ಇಂಗ್ಲಿಷಲ್ಲಿ ಅಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ ಕೊಟ್ಟಿದಾರೆ, ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ, ಎಲ್ಲೆಲ್ಲಿ ಸುಮ್ನಿದ್ದಾರೆ ಅನ್ನೋದನ್ನ ಗಮನಿಸಿ.

ಕನ್ನಡಕ್ಕೆ ಬರೆಯೋವಾಗ ಒಂದು ಪೇಚಾಟ ಇದೆ, ಇದನ್ನ ಡಬ್ಬಿಂಗ್ ಮಾಡೋರು ಎಷ್ಟೋ ಜನ ಗಮನಿಸಲ್ಲ. ನಮ್ಮಲ್ಲಿ ಕ್ರಿಯಾಪದ ಕೊನೇಲಿ ಬರೋದು. "ಬಂಡೆ ಸಂದಿಯಿಂದ ಹಸಿದ ಹಾವೊಂದು ಮೆಲ್ಲಗೆ ಹೊರಬರುತ್ತದೆ" ಅಂತ ಬರೆದ್ರೆ "ಹೊರಬರುತ್ತದೆ" ಅನ್ನೋ ಹೊತ್ತಿಗೆ ಹಾವು ಹೊರಗೆ ಬಂದು ಅರ್ಧ ಬಯಲು ದಾಟಿರುತ್ತೆ, ಚಿತ್ರ ಮುಂದೆ, ಮಾತು ಹಿಂದೆ. ಡಬ್ಬಿಂಗ್ ಸಪ್ಪೆ ಅನ್ಸೋಕೆ ದನಿಗಿಂತ ಇದೇ ದೊಡ್ಡ ಕಾರಣ. ಆದ್ರೆ ಬಾಯ್ಮಾತಲ್ಲಿ ನಾವು ಹಾಗೆ ಮಾತಾಡ್ತೀವಾ? "ಸಂದಿಯಿಂದ ಬಂತು ನೋಡು, ಹಾವು" ಅಂತೀವಿ. ಹಾಗೇ ಬರೀಬೇಕು. ಹಾವು ಕಾಣೋಕೆ ಮುಂಚೆ "ಬಂಡೆ ಸಂದಿಯಲ್ಲಿ ಏನೋ ಅಲ್ಲಾಡ್ತು" ಅಂತ ಹೇಳಿ ನಿಲ್ಸಿ, ಹಾವು ಕಂಡಾಗ ಏನೂ ಹೇಳ್ಬೇಡಿ, ಕಣ್ಣಿಗೆ ಕಾಣ್ತಿದೆಯಲ್ಲ.

ಇನ್ನೊಂದು ಅದು–ಅವಳು ಗಲಾಟೆ. ಇಂಗ್ಲಿಷಲ್ಲಿ ಹುಲಿಗೆ 'ಶೀ' ಅಂದ್ರೆ ಯಾರಿಗೂ ಏನೂ ಅನ್ಸಲ್ಲ. ಕನ್ನಡದಲ್ಲಿ ಹುಲಿ ಬಂತು, ಹಕ್ಕಿ ಹಾರ್ತು, ಎಲ್ಲ 'ಅದು'. "ಅವಳು ಬಂದಳು" ಅಂದ ತಕ್ಷಣ ಅದು ಪುಣ್ಯಕೋಟಿ ಥರ ಕಥೆಯ ಪಾತ್ರ ಆಗ್ಬಿಡುತ್ತೆ, ಆಮೇಲೆ ಅವಳಿಗೆ ನಾಚಿಕೆ, ಕೋಪ, ತ್ಯಾಗ ಎಲ್ಲ ತಾನಾಗೇ ಅಂಟ್ಕೊಳ್ಳುತ್ತೆ. ತಪ್ಪು ಅನ್ನಲ್ಲ, ಆದ್ರೆ ಒಂದ್ಸಲ "ಅವಳು" ಅಂದ್ರೆ ಕೊನೇವರೆಗೂ ನಿಭಾಯಿಸ್ಬೇಕು, ಆ ಹಕ್ಕಿ ಬೆನ್ನಿಗೆ ನಮ್ಮ ಮನೆ ಹೆಂಗಸ್ರ ಕಷ್ಟ ಹೊರ್ಸದೇ.

ಈಗ ನಿಮ್ಮ ಗೂಡಿಗೆ ಬರೋಣ. ನಿಮ್ಮ ಹತ್ರ ಐದು ಶಾಟ್ ಇದೆ ಅಂತಿಟ್ಕೊಳ್ಳಿ: ಹೆಣ್ಣು ಒಳಗೆ ಕೂತು ಬಾಗಿಲು ಮುಚ್ಕೊಂಡಿರೋ ಮರದ ಪೊಟರೆ, ಅದರಲ್ಲಿ ಬಿಟ್ಟಿರೋ ಸೀಳು ಕಾಣೋದು ಎಂಟು ಸೆಕೆಂಡು. ಗಂಡು ಬಂದು ಪಕ್ಕದ ಕೊಂಬೆ ಮೇಲೆ ಕೂರೋದು ಎಂಟು. ಗಂಟಲಿಂದ ಹಣ್ಣು ಕೊಕ್ಕಿನ ತುದಿಗೆ ತರೋದು ಆರು. ಸೀಳಿಂದ ಹೆಣ್ಣಿನ ಕೊಕ್ಕು ಬಂದು ತಗೊಳ್ಳೋದು ಐದು. ಗಂಡು ಹಾರಿ ಹೋಗೋದು ಎಂಟು. ಒಟ್ಟು ಮೂವತ್ತೈದು ಸೆಕೆಂಡು. ಕನ್ನಡ ಪದ ಉದ್ದ, ನನ್ನ ಅನುಭವದಲ್ಲಿ ಸಮಾಧಾನವಾಗಿ ಓದಿದ್ರೆ ನಿಮಿಷಕ್ಕೆ ಎಂಬತ್ತು–ತೊಂಬತ್ತು ಪದದ ಮೇಲೆ ಹೋಗಲ್ಲ, ಅಂದ್ರೆ ಇಲ್ಲಿ ಪೂರ್ತಿ ತುಂಬಿದ್ರೆ ಐವತ್ತು ಪದ ಹಿಡಿಯುತ್ತೆ. ನೀವು ಇಪ್ಪತ್ತು–ಇಪ್ಪತ್ತೈದರಲ್ಲಿ ಮುಗಿಸಿ.

ಮೊದಲ ಸಲ ಬರೆಯೋರು ಬರೆಯೋದು ಹೀಗೆ: "ಗಂಡ ಹಣ್ಣು ತಂದಿದ್ದಾನೆ. ಬೆಳಿಗ್ಗೆಯಿಂದ ಹಸಿದಿದ್ದ ಹೆಂಡತಿ ಕೊಕ್ಕು ಚಾಚಿ ತೆಗೆದುಕೊಳ್ಳುತ್ತಾಳೆ. ಎಂಥಾ ಪ್ರೀತಿ!" ಇದರಲ್ಲಿ ಮೊದಲ ವಾಕ್ಯ ಕಣ್ಣಿಗೆ ಕಾಣ್ತಾ ಇದೆ, ಎರಡನೇದರಲ್ಲಿ "ಬೆಳಿಗ್ಗೆಯಿಂದ ಹಸಿದಿದ್ದ" ಅನ್ನೋದು ನಿಮಗೆ ಗೊತ್ತಿಲ್ಲ, ಯಾಕಂದ್ರೆ ಶಾಟ್ ಎರಡು ದಿನದ್ದು, ಮೂರನೇದು ನಿಮ್ಮ ಅಭಿಪ್ರಾಯ. ಇದರ ಬದಲು ಪೊಟರೆ ಶಾಟ್ ಮೇಲೆ, "ಈ ಸೀಳಿನ ಹಿಂದೆ ಹೆಣ್ಣು ಹಕ್ಕಿ ಇದೆ. ಬಾಗಿಲು ಮುಚ್ಕೊಂಡಿದ್ದೂ ಅದೇ, ತನ್ನ ಹಿಕ್ಕೆಯಿಂದ." ಅಂತ ಹೇಳಿ. ಗಂಡು ಬಂದು ಕೂತಾಗ ಸುಮ್ನಿರಿ, ಹಣ್ಣು ಗಂಟಲಿಂದ ಮೇಲೆ ಬರೋವಾಗ್ಲೂ ಸುಮ್ನಿರಿ. ಕೊಕ್ಕು ಹೊರಗೆ ಬಂದು ಒಳಗೆ ಹೋದ ಮೇಲೆ, ಗಂಡು ಹಾರೋ ಶಾಟ್ ಮೇಲೆ ಮಾತ್ರ, "ಒಳಗೆ ರೆಕ್ಕೆಯ ಗರಿ ಉದುರಿಸ್ಕೊಂಡಿದೆ. ಈಗ ಹೊರಬಂದ್ರೂ ಹಾರೋಕಾಗಲ್ಲ. ಇದು ಬಂದರೇ ಊಟ." ಈ ಹಾರೋ ಗಂಡನ್ನ ಆಗ ನೋಡೋ ಕಣ್ಣೇ ಬೇರೆ ಆಗುತ್ತೆ, ಪ್ರೀತಿ ಅನ್ನೋ ಪದ ನೀವು ಹೇಳೋದೇ ಬೇಡ. ಮತ್ತೆ ಗಮನಿಸಿ, ಇದರಲ್ಲಿ ಯಾವ ವಾಕ್ಯವೂ ಇದು ಇಂಥಾ ದಿನ ನಡೀತು ಅಂತ ಹೇಳ್ತಿಲ್ಲ. ಹಾಗಾಗಿ ಎರಡು ದಿನದ ಶಾಟ್ ಜೋಡಿಸಿದ್ದು ಸುಳ್ಳಾಗಲ್ಲ.

ಎಷ್ಟು ದಿನ ತೆಗೀಬೇಕು ಅಂತ ಕೇಳಿಲ್ಲ, ಆದ್ರೂ ಹೇಳ್ತೀನಿ. ಗೂಡಿನ ಕಾಲ ಸುಮಾರು ಮೂರು ತಿಂಗಳು, ಈ ಜಾತೀಲಿ ಮರಿ ಹಾರೋವರೆಗೂ ತಾಯಿ ಒಳಗೇ ಇರುತ್ತೆ. ದಿನಾ ಕೂತು ಪೂರ್ತಿ ತೆಗೆದ್ರೆ ಬಾಗಿಲು ಒಡೆಯೋ ದಿನ ಸಿಗೋ ಸಾಧ್ಯತೆ ಜಾಸ್ತಿ, ಆದ್ರೆ ನಿಮ್ಮ ತೋಟದ ಕೆಲಸ, ಮಗಳ ಪರೀಕ್ಷೆ ಎರಡೂ ಕೆಡ್ತವೆ, ಹಾರ್ಡ್ ಡಿಸ್ಕೂ ತುಂಬುತ್ತೆ, ಸಾಮಾನ್ಯ 4ಕೆ ವೀಡಿಯೋ ಸೆಕೆಂಡಿಗೆ 100 ಮೆಗಾಬಿಟ್ ಇದ್ರೆ ಗಂಟೆಗೆ 45 ಜಿಬಿ. ವಾರಕ್ಕೆ ಒಂದೇ ದಿನ, ಬೆಳಗಿಂದ ಸಂಜೆ ತಂಕ ಕೂರೋದು ನನಗೆ ಹೆಚ್ಚು ಇಷ್ಟ, ಬಾಗಿಲು ಒಡೆಯೋದು ತಪ್ಪಿ ಹೋಗ್ಬೋದು ನಿಜ, ತಪ್ಪಿದ್ರೆ ಒಡೆದ ಬಾಗಿಲನ್ನೇ ತೋರಿಸಿ "ನಾವು ಬರೋಷ್ಟರಲ್ಲಿ ಹೋಗಿದ್ವು" ಅಂತ ನಿಮ್ಮದೇ ದನೀಲಿ ಹೇಳಿ. ಮೂರನೇ ದಾರಿ, ಪಕ್ಕದೂರಿನ ಇನ್ನೊಂದು ಗೂಡಿನ ಶಾಟ್ ತಂದು ಇದರದ್ದೇ ಅಂತ ಸೇರ್ಸೋದು. ಕಥೆ ಪೂರ್ತಿ ಆಗುತ್ತೆ, ಆದ್ರೆ "ನಮ್ಮ ತೋಟದ ಮಂಗಟ್ಟೆ" ಅಂತ ಶುರು ಮಾಡಿದ ಫಿಲ್ಮಲ್ಲಿ ಅದು ಮೋಸವೇ.

ಪ್ರತಿ ದಿನದ ಕಾರ್ಡನ್ನ ಅವತ್ತೇ ಎರಡು ಬೇರೆ ಡಿಸ್ಕಿಗೆ ಹಾಕಿ, ಮಗಳ ಕೈಲಿ ಒಂದು ನೋಟ್‌ಬುಕ್ ಕೊಟ್ಟು ದಿನಾಂಕ, ಗಂಟೆ, ಗಂಡು ಎಷ್ಟು ಸಲ ಬಂತು, ಏನು ತಂತು ಅಂತ ಬರೆಸಿ. ನಿರೂಪಣೆ ಬರೆಯೋಕೆ ಕೂತಾಗ ವೀಡಿಯೋಗಿಂತ ಆ ನೋಟ್‌ಬುಕ್ಕೇ ಕೆಲಸಕ್ಕೆ ಬರುತ್ತೆ.

ಒಂದು ವಿಷಯ ಮಾತ್ರ ಕಟ್ಟುನಿಟ್ಟು. ಹೆಣ್ಣು ಒಳಗೆ ಬಂದಿಯಾಗಿದೆ, ಗಂಡು ಹೆದರಿ ಬರದೇ ಹೋದ್ರೆ ಒಳಗಿರೋವು ಉಪವಾಸ. ಗಂಡು ದೂರದ ಕೊಂಬೇಲೇ ಕೂತು ಕೂಗ್ತಾ, ಪೊಟರೆ ಹತ್ರ ಬರದೇ ಹಿಂದೆ ಮುಂದೆ ಮಾಡ್ತಿದ್ರೆ ನೀವು ತುಂಬಾ ಹತ್ರ ಇದೀರಿ ಅಂತ ಅರ್ಥ, ತಕ್ಷಣ ಎದ್ದು ಹಿಂದಕ್ಕೆ ಹೋಗಿ, ಶಾಟ್ ಹೋದ್ರೆ ಹೋಗ್ಲಿ. ಅಡ್ಡ ಇದೆ ಅಂತ ಕೊಂಬೆ ಸವರಬೇಡಿ, ಡ್ರೋನ್ ಬೇಡ, ಏಣಿ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಹಕ್ಕಿಯ ಗೂಡಿಗೆ ತೊಂದರೆ ಕೊಡೋದೂ ಬೇಟೆ ಅನ್ನೋ ವ್ಯಾಖ್ಯೆ ಒಳಗೇ ಬರುತ್ತೆ, ಮರ ನಿಮ್ಮ ತೋಟದ್ದಾದ್ರೂ ಅಷ್ಟೇ. ಮುಂದೆ ಅಭಯಾರಣ್ಯದೊಳಗೆ ತೆಗಿಯೋ ಮನಸ್ಸಾದ್ರೆ ಮೊದಲೇ ಅರಣ್ಯ ಇಲಾಖೆ ಅನುಮತಿ ಬೇಕು. ಮತ್ತೆ ಫಿಲ್ಮಲ್ಲಿ ಊರು, ಮರ ಎಲ್ಲಿದೆ ಅಂತ ಹೇಳ್ಬೇಡಿ. ಮಂಗಟ್ಟೆ ಅದೇ ಪೊಟರೆಗೆ ವರ್ಷ ವರ್ಷ ಬರೋದು ಮಾಮೂಲು, ಮುಂದಿನ ಜನವರಿಗೆ ಅದು ಬರೋ ಮುಂಚೆ ಕ್ಯಾಮೆರಾದವರ ಜೀಪು ಬಂದು ನಿಂತಿರುತ್ತೆ.

ದನಿ ಯಾರದ್ದು ಅಂತ ಯೋಚ್ನೆ ಮಾಡ್ತಿದ್ರೆ ಮಗಳದ್ದೇ ಇರ್ಲಿ. ರೆಕಾರ್ಡ್ ಮಾಡೋಕೆ ಸ್ಟುಡಿಯೋ ಬೇಡ, ಬಟ್ಟೆ ತುಂಬಿದ ಬೀರು ಬಾಗಿಲು ತೆಗೆದು ಅದರೆದುರು ಕೂರಿಸಿ, ಗೋಡೆಯ ಮಾರ್ದನಿ ಬರಲ್ಲ. ಫ್ಯಾನ್ ಆಫ್ ಮಾಡೋದು ಮರೀಬೇಡಿ.